ಎಷ್ಟು ಹೊತ್ತಿಗೆ, ಏನೇನು ಮಾಡಿದಿರಿ?

ಮಧ್ಯಾಹ್ನ ಮೂರೂಕಾಲಿಗೆ ನಮ್ಮ ಐಟಿ ಹೆಲ್ಪ್‌ಡೆಸ್ಕಿಗೆ ಫೋನ್ ಬಂತು. ಅಕೌಂಟ್ಸ್ ವಿಭಾಗದ ಮೇಡಂ. "ಬೆಳಿಗ್ಗೆ ಒಂದು ಮೇಲ್ ಬಂದಿತ್ತು. ಯಾಕೋ ಸರಿಯಿಲ್ಲ ಅನ್ನಿಸ್ತು, ಡಿಲೀಟ್ ಮಾಡಿದೀನಿ. ನಿಮ್ಮ ಗಮನಕ್ಕೆ ಇರ್ಲಿ ಅಂತ ಹೇಳ್ದೆ ಅಷ್ಟೇ." ನಮ್ಮ ಹುಡುಗ ಕೇಳಿದ, "ಲಿಂಕ್ ಒತ್ತಿದ್ರಾ ಮೇಡಂ?" "ಇಲ್ಲಪ್ಪ, ತೆರೆದು ನೋಡಿದೆ." ಅವನು ಟಿಕೆಟ್ ಬರೆದುಕೊಂಡ, ತುರ್ತಿನ ಜಾಗದಲ್ಲಿ ‘ಕಡಿಮೆ’ ಎಂದು ಹಾಕಿದ, ಮೂರನೇ ಮಹಡಿಯಲ್ಲಿ ಕೆಟ್ಟಿದ್ದ ಪ್ರಿಂಟರ್ ನೋಡಲು ಹೋದ. ಅವನ ತಪ್ಪಲ್ಲ. ಕೈಗೆ ಸಿಕ್ಕ ಮಾಹಿತಿಗೆ ಅಷ್ಟೇ ಕೆಲಸ.

ಐದೂವರೆಗೆ ಅದೇ ಮೇಡಂ ಮತ್ತೆ ಫೋನ್ ಮಾಡಿದರು. ಈ ಸಲ ದನಿ ನಡುಗುತ್ತಿತ್ತು. ಒಬ್ಬ ಹಳೆಯ ಗಿರಾಕಿ ಅವರಿಗೆ ನೇರವಾಗಿ ಕರೆ ಮಾಡಿ, "ನಿಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಕಳಿಸಿದೀರಲ್ಲ, ಹೊಸ ಖಾತೆಗೇ ಹಾಕ್ಲಾ?" ಎಂದು ಕೇಳಿದ್ದರಂತೆ. ಇವರು ಅಂಥ ಮೇಲ್ ಕಳಿಸಿಯೇ ಇರಲಿಲ್ಲ. ನಾನು ಅವರ ಮೇಜಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. "ಯಾರೂ ಏನೂ ಅನ್ನೋದಿಲ್ಲ ಮೇಡಂ. ಬೆಳಿಗ್ಗೆಯಿಂದ ಏನೇನಾಯ್ತು, ಒಂದೊಂದಾಗಿ ಹೇಳಿ" ಎಂದೆ. ಆಗ ಹೊರಬಂತು. ಮೇಲ್‌ಬಾಕ್ಸ್ ತುಂಬಿದೆ, ಇವತ್ತೇ ದೃಢೀಕರಿಸದಿದ್ದರೆ ಮುಚ್ಚುತ್ತೇವೆ ಎಂದು ಮೇಲ್ ಬಂದದ್ದು 10:42ಕ್ಕೆ. ಲಿಂಕ್ ಒತ್ತಿದ್ದರು. ನಮ್ಮ ಕಂಪನಿಯ ಲಾಗಿನ್ ಪುಟದಂಥದೇ ಪುಟ ಬಂದಿತ್ತು. ಪಾಸ್‌ವರ್ಡ್ ಹಾಕಿದ್ದರು. ಪುಟ ಎರಡಂಕಿಯ ಒಂದು ಸಂಖ್ಯೆ ತೋರಿಸಿತ್ತು, ಅದನ್ನು ಮೊಬೈಲ್ ಆ್ಯಪ್‌ನಲ್ಲಿ ಒತ್ತಿ ಒಪ್ಪಿಗೆಯನ್ನೂ ಕೊಟ್ಟಿದ್ದರು. ಆಮೇಲೆ ಎಂದಿನಂತೆ ಇನ್‌ಬಾಕ್ಸ್ ತೆರೆದುಕೊಂಡಿತು. ಏನೂ ಆಗಿಲ್ಲ ಅನ್ನಿಸಿತು. ಊಟದ ಹೊತ್ತಿಗೆ ಗೆಳತಿ ಏನೋ ಹೇಳಿದಾಗ ಅನುಮಾನ ಬಂದು, ಮೇಲ್ ಅಳಿಸಿ, ನಮಗೆ ಅರ್ಧ ಮಾತು ಹೇಳಿದ್ದರು.

ಆ ರಾತ್ರಿ ಲಾಗ್‌ಗಳನ್ನು ಬಿಡಿಸಿ ನೋಡಿದೆವು. 10:47ಕ್ಕೆ ಅವರ ಖಾತೆಗೆ ನಮಗೆ ಪರಿಚಯವೇ ಇಲ್ಲದ ವಿಳಾಸದಿಂದ ಒಬ್ಬ ಒಳಬಂದಿದ್ದ. 11:20ಕ್ಕೆ ಇನ್‌ಬಾಕ್ಸಿನಲ್ಲಿ ಒಂದು ರೂಲ್ ಹಾಕಿದ್ದ: ‘ಇನ್‌ವಾಯ್ಸ್’, ‘ಪೇಮೆಂಟ್’ ಎಂಬ ಪದಗಳಿರುವ ಮೇಲ್ ಬಂದರೆ ಅದನ್ನು ಯಾರೂ ಇಣುಕದ RSS Feeds ಫೋಲ್ಡರಿಗೆ ಸಾಗಿಸಿ ಓದಿದ್ದೆಂದು ಗುರುತು ಹಾಕು. ಗಿರಾಕಿಗಳು ಉತ್ತರ ಬರೆದರೂ ಮೇಡಂ ಕಣ್ಣಿಗೆ ಬೀಳಬಾರದು ಎಂಬ ಲೆಕ್ಕ. ಆಮೇಲೆ ನಾಲ್ಕೈದು ಗಂಟೆ ಅವರ ಹಳೆಯ ಪತ್ರವ್ಯವಹಾರ ಓದುತ್ತಾ ಕೂತಿದ್ದಾನೆ. ಖಾತೆ ಬದಲಾಗಿದೆ ಎಂಬ ಮೇಲ್‌ಗಳು ಹೋದದ್ದು 4:40ಕ್ಕೆ.

ಈ ಹೊತ್ತುಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತದೆ. ಮೊದಲ ಫೋನ್ ಬಂದದ್ದು 3:15ಕ್ಕೆ. ಆ ಫೋನಿನಲ್ಲಿ ‘ಪಾಸ್‌ವರ್ಡ್ ಹಾಕಿದೆ, ಮೊಬೈಲ್‌ನಲ್ಲಿ ಒಪ್ಪಿಗೆ ಕೊಟ್ಟೆ’ ಎಂಬ ಒಂದು ಮಾತಿದ್ದಿದ್ದರೆ ಹತ್ತು ನಿಮಿಷದಲ್ಲಿ ಅವನನ್ನು ಹೊರಗೆ ಹಾಕುವ ಕೆಲಸ ಶುರುವಾಗುತ್ತಿತ್ತು, 4:40ರ ಮೇಲ್‌ಗಳು ಹೊರಡುತ್ತಲೇ ಇರಲಿಲ್ಲ. ಆ ಗಿರಾಕಿ ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು.

ಐಟಿಯವರಿಗೆ ತಿಳಿಸುವುದೆಂದರೆ ತಪ್ಪೊಪ್ಪಿಗೆ ಎಂದು ಬಹಳ ಜನ ಭಾವಿಸುತ್ತಾರೆ. ಆ ಅಳುಕಿನಲ್ಲಿ ಮೊದಲು ಬಿಟ್ಟುಹೋಗುವುದೇ ನಮಗೆ ಬೇಕಾದ ಮಾತು. ‘ಲಿಂಕ್ ಒತ್ತಿದ್ರಾ?’ ಎಂದು ನಾವು ಕೇಳುವುದು ಗುಮಾನಿಯಿಂದಲ್ಲ. ನೀವು ಎಷ್ಟು ದೂರ ಹೋಗಿದ್ದೀರೋ ಅದಕ್ಕೆ ತಕ್ಕಂತೆ ನಮ್ಮ ಕೆಲಸವೇ ಬೇರೆ. ಮೇಲ್ ತೆರೆದು ಓದಿದ್ದಷ್ಟೇ ಆದರೆ ಅದೇ ಮೇಲ್ ಇನ್ನೂ ಯಾರ್‍ಯಾರಿಗೆ ಬಂದಿದೆ ಎಂದು ಹುಡುಕಿ ಎಲ್ಲರ ಇನ್‌ಬಾಕ್ಸಿನಿಂದ ತೆಗೆಯುತ್ತೇವೆ, ಆ ಲಿಂಕನ್ನು ಕಂಪನಿಯ ಜಾಲದಲ್ಲಿ ತಡೆಯುತ್ತೇವೆ. ಲಿಂಕ್ ಒತ್ತಿ ಪುಟ ನೋಡಿ ಮುಚ್ಚಿದ್ದರೆ ಜೊತೆಗೆ ನಿಮ್ಮ ಕಂಪ್ಯೂಟರಿಗೆ ಏನಾದರೂ ಇಳಿದಿದೆಯೇ ಎಂದೂ ನೋಡಬೇಕು. ಪಾಸ್‌ವರ್ಡ್ ಹಾಕಿದ್ದರೆ ಕಂಪ್ಯೂಟರಿಗಿಂತ ನಿಮ್ಮ ಖಾತೆಯ ಕಡೆ ಓಡಬೇಕು. ಜೊತೆಗೆ ಬಂದ ಕಡತವನ್ನು ತೆರೆದಿದ್ದರೆ ಅದು ಇನ್ನೊಂದೇ ದಾರಿ. ಆಗ ವೈಫೈ ಆರಿಸಿ, ಲ್ಯಾನ್ ಕೇಬಲ್ ಇದ್ದರೆ ಕಿತ್ತುಬಿಡಿ, ಆದರೆ ಕಂಪ್ಯೂಟರನ್ನು ಆಫ್ ಮಾಡಬೇಡಿ. ಏನು ನಡೆಯುತ್ತಿದೆ ಎಂಬ ಕುರುಹಿನಲ್ಲಿ ಒಂದಷ್ಟು ಅದರ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಆಫ್ ಆದರೆ ಅದು ಹೋಯಿತು.

ಪಾಸ್‌ವರ್ಡ್ ಹಾಕಿದವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೀನಿ ಸರ್, ಸರಿಹೋಯ್ತು." ಬದಲಾಯಿಸಿದ್ದು ಒಳ್ಳೆಯದೇ, ಆದರೆ ಅಷ್ಟಕ್ಕೆ ಸರಿಹೋಗಿರುವುದಿಲ್ಲ. ಈಗಿನ ನಕಲಿ ಪುಟಗಳು ಮೊದಲಿನ ಹಾಗೆ ಪಾಸ್‌ವರ್ಡ್ ಬರೆದಿಟ್ಟುಕೊಂಡು ಸುಮ್ಮನಿರುವುದಿಲ್ಲ. ಅವು ನಡುವೆ ನಿಂತ ದಲ್ಲಾಳಿಯ ಹಾಗೆ. ನೀವು ಕೊಟ್ಟ ಪಾಸ್‌ವರ್ಡನ್ನು ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸುತ್ತವೆ, ಅಸಲಿ ಪುಟ ಕೇಳಿದ ಸಂಖ್ಯೆಯನ್ನು ನಿಮಗೆ ತೋರಿಸುತ್ತವೆ, ನೀವು ಮೊಬೈಲ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅಸಲಿ ಪುಟ ನಿಮಗಾಗಿ ಕೊಡುವ ಪ್ರವೇಶ ಚೀಟಿಯನ್ನು ತಾವು ಇಟ್ಟುಕೊಳ್ಳುತ್ತವೆ. ಸಿನಿಮಾ ಟಾಕೀಸಿನ ಒಳಗೆ ಹೋದವನನ್ನು ಮತ್ತೆ ಟಿಕೆಟ್ ಕೇಳದ ಹಾಗೆ, ಆ ಚೀಟಿ ಕೈಯಲ್ಲಿ ಇರುವಷ್ಟು ಕಾಲ ಅವನನ್ನು ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ. ಅದನ್ನು ರದ್ದು ಮಾಡುವುದು ಐಟಿಯವರ ಕೈಯಲ್ಲಿದೆ. ಬಹಳ ಕಚೇರಿಗಳು ಬಳಸುವ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ನಾವು ರದ್ದು ಮಾಡಿದ ಮೇಲೂ, ಆಗಲೇ ಕೊಟ್ಟಿರುವ ಅಲ್ಪಾವಧಿಯ ಚೀಟಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯವರೆಗೆ ನಡೆಯಬಹುದು. ಹಾಗಾಗಿ ನೀವು ತಡಮಾಡಿದ ಹೊತ್ತಿನ ಮೇಲೆ ಈ ಹೊತ್ತೂ ಸೇರಿಕೊಳ್ಳುತ್ತದೆ.

ರದ್ದು ಮಾಡಿದ ಮೇಲೂ ಮುಗಿಯುವುದಿಲ್ಲ. ಅವನು ಹಾಕಿದ ರೂಲ್ ಹುಡುಕಬೇಕು, ನಿಮ್ಮ ಖಾತೆಗೆ ತನ್ನ ಮೊಬೈಲನ್ನೂ ಒಪ್ಪಿಗೆ ಕೊಡುವ ಸಾಧನವಾಗಿ ಸೇರಿಸಿದ್ದಾನೆಯೇ ನೋಡಬೇಕು, ನಿಮ್ಮ ಹೆಸರಿನಲ್ಲಿ ಏನೇನು ಕಳಿಸಿದ್ದಾನೆ ಎಂದು ಲೆಕ್ಕ ಹಾಕಬೇಕು. ಇದೆಲ್ಲ ಶುರುವಾಗುವುದು ಒಂದು ಹೊತ್ತಿನಿಂದ. ‘ಬೆಳಿಗ್ಗೆ’ ಎಂದರೆ ನಾವು ನೂರಾರು ಸಾಲಿನ ಲಾಗ್ ಜಾಲಾಡಬೇಕು. ‘10:45ರ ಸುಮಾರಿಗೆ, ಕಾಫಿಗೆ ಏಳುವ ಮುಂಚೆ’ ಎಂದರೆ ಆ ಐದು ನಿಮಿಷದ ಮೇಲೆ ಬೆರಳಿಡುತ್ತೇವೆ. ಸರಿಯಾದ ಹೊತ್ತು ನೆನಪಿಲ್ಲದಿದ್ದರೆ ಹೀಗೆ ಕಾಫಿ, ಮೀಟಿಂಗ್, ಊಟ ಇವುಗಳ ಆಚೀಚೆ ಇಟ್ಟು ಹೇಳಿದರೂ ಸಾಕು.

ಮೇಡಂ ಅಂದು ಮಾಡಿದ ಇನ್ನೊಂದು ಕೆಲಸ ಮೇಲ್ ಅಳಿಸಿದ್ದು. ಮನೆಗೆ ಹಾವು ಬಂದರೆ ಮೊದಲು ಹೊರಗೆ ಅಟ್ಟಬೇಕು ಅನ್ನಿಸುವಂತೆ ಇದೂ ಸಹಜ. ಆದರೆ ಆ ಮೇಲ್ ನಮಗೆ ಬೇಕು. ಅಳಿಸಿಬಿಟ್ಟಿದ್ದರೆ ‘ಅಳಿಸಿದ್ದೇನೆ’ ಎಂದೇ ಹೇಳಿ. ಡಿಲೀಟೆಡ್ ಐಟಮ್ಸ್‌ನಲ್ಲಿ ಇದ್ದರೆ ಅಲ್ಲೇ ಬಿಡಿ, ಅಲ್ಲಿಂದಲೂ ಹೋಗಿದ್ದರೆ ಕೆಲವು ದಿನ ನಾವು ಮೇಲೆತ್ತಬಹುದು.

ಆ ಮೇಲನ್ನು ನಮಗೆ ಕಳಿಸುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಎಲ್ಲರೂ ಮಾಡುವ ಹಾಗೆ ಫಾರ್ವರ್ಡ್ ಒತ್ತಿದರೆ ನಮಗೆ ತಲುಪುವುದು ನೀವು ಬರೆದ ಹೊಸ ಮೇಲ್. ಒಳಗೆ ಹಳೆಯದರ ಅಕ್ಷರಗಳಿರುತ್ತವೆ, ಆದರೆ ಅದು ಎಲ್ಲಿಂದ ಹೊರಟು ಯಾವ ಯಾವ ಸರ್ವರ್ ದಾಟಿ ಬಂತು ಎಂಬ ಗುರುತುಗಳು ಬಿದ್ದುಹೋಗಿರುತ್ತವೆ. ಲಕೋಟೆ ಎಸೆದು ಕಾಗದ ಮಾತ್ರ ಕೊಟ್ಟ ಹಾಗೆ. ಅಂಚೆ ಮುದ್ರೆ ಇರುವುದು ಲಕೋಟೆಯ ಮೇಲೆ. ಆ ಲಕೋಟೆಗೆ ಹೆಡರ್ ಎನ್ನುತ್ತಾರೆ. ಅದರಲ್ಲಿ ನಾವು ಮೊದಲು ನೋಡುವ ಸಾಲುಗಳು ಹೆಚ್ಚುಕಡಿಮೆ ಹೀಗಿರುತ್ತವೆ:

```
From: "IT Helpdesk" <helpdesk@example.com>
Reply-To: <support@example.net>
Return-Path: <bounce@example.org>
Authentication-Results: spf=fail; dkim=none; dmarc=fail
```

ಮೊದಲ ಸಾಲು ನಿಮಗೆ ಕಂಡ ಹೆಸರು. ಅದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು. ನೀವು ಉತ್ತರಿಸಿದರೆ ಅದು ಹೋಗುವುದು ಎರಡನೆಯ ಸಾಲಿನ ವಿಳಾಸಕ್ಕೆ. ಮೇಲ್ ತಲುಪದಿದ್ದರೆ ಹಿಂದಿರುಗುವ ವಿಳಾಸ ಮೂರನೆಯದು. ಮೂರೂ ಬೇರೆ ಬೇರೆ ಊರಿನವು ಎಂದು ಕಂಡಾಗ ಕಿವಿ ನಿಮಿರುತ್ತದೆ. ಕೊನೆಯ ಸಾಲು ನಮ್ಮ ಸರ್ವರ್ ತಾನೇ ಪರೀಕ್ಷಿಸಿ ಬರೆದ ಷರಾ. ಈ ಹೆಸರಿನಲ್ಲಿ ಮೇಲ್ ಕಳಿಸಲು ಆ ಸರ್ವರಿಗೆ ಅಧಿಕಾರವಿದೆಯೇ, ಸಹಿ ಇದೆಯೇ ಎಂಬ ಪರೀಕ್ಷೆಗಳ ಫಲಿತಾಂಶ. ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಬರುವ ಮೋಸದ ಮೇಲ್‌ಗಳೂ ಇವೆ. ‘m’ ಇರಬೇಕಾದ ಕಡೆ ‘rn’ ಹಾಕಿ, ನೋಡಲು ಕಂಪನಿಯ ಹೆಸರಿನಂತೆಯೇ ಇರುವ ವಿಳಾಸ ಕೊಂಡವನಿಗೆ ಆ ವಿಳಾಸದ ಮಟ್ಟಿಗೆ ಎಲ್ಲ ಅಧಿಕಾರವೂ ಇರುತ್ತದೆ. ಅದಕ್ಕೇ ಇದನ್ನು ನೀವೇ ತೀರ್ಮಾನಿಸಲು ಹೋಗಬೇಡಿ. ಲಕೋಟೆ ಸಮೇತ ಕಳಿಸಿಬಿಡಿ.

ನಿಮ್ಮ ಮೇಲ್ ಪರದೆಯಲ್ಲಿ Report ಎಂಬ ಗುಂಡಿ ಇದ್ದರೆ ಅದನ್ನೇ ಒತ್ತಿ, ಅದು ಮೂಲ ಮೇಲನ್ನೇ ಒಯ್ಯುತ್ತದೆ. ಇಲ್ಲದಿದ್ದರೆ Forward as attachment ಎಂಬ ಆಯ್ಕೆ ಹುಡುಕಿ. ವಿಂಡೋಸ್‌ನ ಹಳೆಯ ಔಟ್‌ಲುಕ್‌ನಲ್ಲಿ Ctrl+Alt+F ಒತ್ತಿದರೆ ಆಗುತ್ತದೆ, ಬ್ರೌಸರಿನಲ್ಲಿ ತೆರೆದ ಜಿಮೇಲ್‌ನಲ್ಲಿ ಮೂರು ಚುಕ್ಕಿಯ ಮೆನುವಿನಲ್ಲಿ ಸಿಗುತ್ತದೆ. ಮೊಬೈಲ್‌ನಲ್ಲಿ ಇದು ಸಿಗದಿದ್ದರೆ ಒದ್ದಾಡುತ್ತಾ ಹೊತ್ತು ಕಳೆಯಬೇಡಿ. ಕಳಿಸಿದವರ ವಿಳಾಸ, ವಿಷಯದ ಸಾಲು, ಬಂದ ಹೊತ್ತು ಈ ಮೂರನ್ನು ಓದಿ ಹೇಳಿದರೆ ನಮ್ಮ ಕಡೆಯಿಂದ ಆ ಮೇಲನ್ನು ಹುಡುಕುತ್ತೇವೆ. ಸ್ಕ್ರೀನ್‌ಶಾಟ್ ಏನೂ ಇಲ್ಲದ್ದಕ್ಕಿಂತ ಮೇಲು, ಅದರಲ್ಲಿ ಲಕೋಟೆ ಮಾತ್ರ ಬರುವುದಿಲ್ಲ.

ಗುಂಡಿ ಒತ್ತಿದರೆ ಕೆಲಸ ಮುಗಿಯಿತು ಎನ್ನುವ ತಪ್ಪು ಮಾತ್ರ ಆಗಬಾರದು. ಅದು ಮೇಲ್ ಹೇಗಿದೆ ಎಂದು ಹೇಳುತ್ತದೆ, ನೀವು ಏನು ಮಾಡಿದಿರಿ ಎಂದು ಹೇಳುವುದಿಲ್ಲ. ನೂರು ಜನ ಒತ್ತಿದ ಗುಂಡಿಗಳ ನಡುವೆ ಪಾಸ್‌ವರ್ಡ್ ಕೊಟ್ಟ ಒಬ್ಬರು ಯಾರು ಎಂದು ನಮಗೆ ಗೊತ್ತಾಗಬೇಕಾದರೆ ಅವರು ಬಾಯಿಬಿಡಬೇಕು. ಅದನ್ನೂ ಮೇಲ್‌ನಲ್ಲಿ ಬರೆಯಬೇಡಿ, ಫೋನ್ ಮಾಡಿ. ಕಳ್ಳ ನಿಮ್ಮ ಇನ್‌ಬಾಕ್ಸಿನಲ್ಲೇ ಕೂತಿದ್ದರೆ ನೀವು ನಮಗೆ ಬರೆದದ್ದನ್ನು ಮೊದಲು ಓದುವವನು ಅವನು. ನಮ್ಮ ಉತ್ತರ ನಿಮಗೆ ಕಾಣದಂತೆ ಮಾಡುವ ರೂಲನ್ನೂ ಅವನು ಹಾಕಿರಬಹುದು. ಫೋನಿನಲ್ಲಿ ಹೇಳಬೇಕಾದ್ದು ಇಷ್ಟೇ ಉದ್ದ:

"ನಾನು ಅಕೌಂಟ್ಸ್‌ನಿಂದ. 10:42ಕ್ಕೆ ಮೇಲ್‌ಬಾಕ್ಸ್ ತುಂಬಿದೆ ಅಂತ ಒಂದು ಮೇಲ್ ಬಂತು. 10:45ಕ್ಕೆ ಆಫೀಸ್ ಲ್ಯಾಪ್‌ಟಾಪ್‌ನಲ್ಲೇ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದೆ, ಮೊಬೈಲ್‌ನಲ್ಲಿ ಒಪ್ಪಿಗೆನೂ ಕೊಟ್ಟೆ. ಯಾವ ಕಡತವನ್ನೂ ಇಳಿಸಿಲ್ಲ. ಅದೇ ಪಾಸ್‌ವರ್ಡ್ ಇನ್ನೆಲ್ಲೂ ಇಟ್ಟಿಲ್ಲ. ಮೇಲ್ ಹಾಗೇ ಇದೆ. ಈ ನಂಬರಿಗೆ ಮಾಡಿದ್ರೆ ಸಿಗ್ತೀನಿ."

ಅರ್ಧ ನಿಮಿಷದ ಮಾತು. ಇದರಲ್ಲಿ ಕ್ಷಮೆಯೂ ಇಲ್ಲ, ಸಮಜಾಯಿಷಿಯೂ ಇಲ್ಲ. ನನಗೆ ಇದಕ್ಕಿಂತ ಬೇರೇನೂ ಬೇಡ. ಖಾತ್ರಿಯಾದ ಮೇಲೆ ಹೇಳೋಣ ಎಂದು ಕಾಯುವುದೂ ಬೇಡ, ಖಾತ್ರಿ ಮಾಡಿಕೊಳ್ಳುವುದು ನಮ್ಮ ಕೆಲಸ. ಕಂಪನಿಗೂ ಗಡಿಯಾರ ಓಡುತ್ತಿರುತ್ತದೆ: ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಫಿಶಿಂಗ್, ಮಾಹಿತಿ ಸೋರಿಕೆ ಮುಂತಾದ ಪಟ್ಟಿಮಾಡಿದ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ಅದಕ್ಕೆ ವರದಿ ಮಾಡಬೇಕು. ಹಣವೇ ಹೋಗಿದ್ದರೆ 1930ಕ್ಕೆ ಆಗಲೇ ಕರೆ ಮಾಡಬೇಕು. ಖಾತೆಯಿಂದ ಖಾತೆಗೆ ದಾಟುತ್ತಿರುವ ಹಣವನ್ನು ನಡುವೆ ತಡೆಯಲು ಸಿಗುವ ಹೊತ್ತು ಬಹಳ ಕಡಿಮೆ.

ಕಳೆದುಹೋದ ಲ್ಯಾಪ್‌ಟಾಪಿನ ವಿಷಯದಲ್ಲಿ ಜನ ಇದಕ್ಕಿಂತ ಹೆಚ್ಚು ತಡಮಾಡುತ್ತಾರೆ. ಸಿಕ್ಕಿಬಿಡಬಹುದು ಎಂಬ ಆಸೆ. ಆಟೋದವರು ತಂದುಕೊಡಬಹುದು, ಮನೆಯಲ್ಲೇ ಮರೆತಿರಬಹುದು, ನಾಳೆ ನೋಡೋಣ. ನಮ್ಮ ಸಹೋದ್ಯೋಗಿಯೊಬ್ಬರು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಂಗಳೂರಿನಲ್ಲಿ ಇಳಿದಾಗ ಬ್ಯಾಗ್ ಇರಲಿಲ್ಲ. ಅವರು ನಮಗೆ ಹೇಳಿದ ಮೊದಲ ಮಾತು, "ಲ್ಯಾಪ್‌ಟಾಪ್ ಹೋಯ್ತು ಸಾರ್, ಐವತ್ತು ಸಾವಿರ ನನ್ನ ಸಂಬಳದಿಂದ ಹಿಡೀತೀರಾ?" ಯಂತ್ರದ ಬೆಲೆ ಆ ಹೊತ್ತಿನ ನನ್ನ ಚಿಂತೆಯ ಕೊನೆಯ ಸಾಲಿನಲ್ಲೂ ಇರಲಿಲ್ಲ. ನಾನು ಕೇಳಿದ್ದು, "ಮುಚ್ಚಳ ಮುಚ್ಚಿದ್ರಾ, ಶಟ್‌ಡೌನ್ ಮಾಡಿದ್ರಾ?"

ಈ ಪ್ರಶ್ನೆ ಕೇಳಿದಾಗ ಎಲ್ಲರೂ ಗಲಿಬಿಲಿಗೊಳ್ಳುತ್ತಾರೆ. ಕಾರಣ ಇದು: ಕಚೇರಿಯ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮೇಲಿನದೆಲ್ಲವೂ ಸಾಮಾನ್ಯವಾಗಿ ಗೂಢಲಿಪಿಯಲ್ಲಿರುತ್ತದೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಈ ಕೆಲಸ ಮಾಡುತ್ತವೆ. ಶಟ್‌ಡೌನ್ ಆದ ಯಂತ್ರದ ಡಿಸ್ಕನ್ನು ಕಳ್ಳ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಅವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ಆದರೆ ಮುಚ್ಚಳ ಮುಚ್ಚಿ ನಿದ್ದೆ ಮಾಡುತ್ತಿರುವ ಯಂತ್ರದಲ್ಲಿ ಆ ಬೀಗದ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಅದನ್ನು ಹೊರತೆಗೆಯುವುದು ಸುಲಭವಲ್ಲ, ಬಸ್ಸಿನಲ್ಲಿ ಬ್ಯಾಗ್ ಎತ್ತುವವನಿಗೆ ಬರುವ ವಿದ್ಯೆಯೂ ಅಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ನಾವು ತಿಳಿದಿರಬೇಕು. ಪರದೆ ಲಾಕ್ ಆಗದೆ ತೆರೆದೇ ಇದ್ದ ಯಂತ್ರ ಹೋಗಿದ್ದರೆ ಗೂಢಲಿಪಿ ಇದ್ದೂ ಇಲ್ಲದಂತೆ. ಕಾಫಿ ಅಂಗಡಿಯ ಮೇಜಿನಿಂದ ಎತ್ತಿಕೊಂಡು ಓಡಿದರೆ ಆಗುವುದು ಇದೇ.

ಎರಡನೆಯ ಪ್ರಶ್ನೆ ಬ್ಯಾಗಿನಲ್ಲಿ ಜೊತೆಗೆ ಏನಿತ್ತು ಎಂಬುದು. ಪಾಸ್‌ವರ್ಡ್ ಬರೆದ ಡೈರಿ, ಲಾಗಿನ್‌ಗೆ ಬಳಸುವ ಯುಎಸ್‌ಬಿ ಕೀ, ಕಚೇರಿಯ ಬಾಗಿಲು ತೆರೆಯುವ ಕಾರ್ಡು, ಒಪ್ಪಿಗೆ ಕೊಡುವ ಮೊಬೈಲ್, ಗೂಢಲಿಪಿ ಇಲ್ಲದ ಪೆನ್‌ಡ್ರೈವ್. ಇವುಗಳಲ್ಲಿ ಒಂದಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ. ನಮ್ಮವರ ಬ್ಯಾಗಿನಲ್ಲಿ ಬಾಗಿಲ ಕಾರ್ಡಿತ್ತು. ಕೇಳದಿದ್ದರೆ ಅವರು ಹೇಳುತ್ತಿರಲಿಲ್ಲ.

ಆಮೇಲೆ, ಕೊನೆಯ ಸಲ ಕಣ್ಣಾರೆ ಕಂಡದ್ದು ಎಲ್ಲಿ, ಎಷ್ಟು ಹೊತ್ತಿಗೆ, ಇಲ್ಲ ಎಂದು ಗೊತ್ತಾದದ್ದು ಎಷ್ಟು ಹೊತ್ತಿಗೆ? ಇವೆರಡು ಬೇರೆ ಬೇರೆ. ಅವರು ಚಿತ್ರದುರ್ಗದ ಹತ್ತಿರ ಬಸ್ ನಿಂತಾಗ, ಸುಮಾರು ಒಂದು ಗಂಟೆಗೆ, ಬ್ಯಾಗ್ ನೋಡಿದ್ದರು. ಇಲ್ಲ ಎಂದು ಗೊತ್ತಾದದ್ದು ಬೆಳಿಗ್ಗೆ ಐದೂವರೆಗೆ. ಆ ನಾಲ್ಕೂವರೆ ಗಂಟೆಯಲ್ಲಿ ಮತ್ತು ಅದರ ನಂತರ ಯಂತ್ರ ಇಂಟರ್‌ನೆಟ್ಟಿಗೆ ಬಂದಿದೆಯೇ ಎಂಬುದನ್ನು ನಾವು ನೋಡಬೇಕು. ಬಂದಿರಲಿಲ್ಲ. ಅಂದರೆ ಯಾರೂ ಅದನ್ನು ಜಾಲಕ್ಕೆ ಸೇರಿಸಿಲ್ಲ, ನಮಗೆ ಇನ್ನೂ ಅವಕಾಶವಿದೆ.

ದೂರದಿಂದಲೇ ಎಲ್ಲ ಅಳಿಸಿಬಿಡಬಹುದಲ್ಲ ಎಂದು ಕೇಳುತ್ತಾರೆ. ಅಳಿಸಬಹುದು, ಆದರೆ ಆ ಆಜ್ಞೆ ಯಂತ್ರಕ್ಕೆ ತಲುಪುವುದು ಅದು ಇಂಟರ್‌ನೆಟ್ಟಿಗೆ ಬಂದಾಗ ಮಾತ್ರ. ಅಲ್ಲಿಯವರೆಗೆ ಸರದಿಯಲ್ಲಿ ಕಾಯುತ್ತದೆ. ಕಳ್ಳ ಅದನ್ನು ಎಂದೂ ಜಾಲಕ್ಕೆ ಸೇರಿಸದಿದ್ದರೆ ಎಂದೂ ತಲುಪುವುದಿಲ್ಲ. ಹಾಗಾಗಿ ನಾವು ಮೊದಲು ಮಾಡುವುದು ಯಂತ್ರ ಕೈಯಲ್ಲಿಲ್ಲದೆಯೂ ಆಗುವ ಕೆಲಸಗಳನ್ನು: ಅವರ ಖಾತೆಯ ಪ್ರವೇಶ ಚೀಟಿಗಳ ರದ್ದು, ಪಾಸ್‌ವರ್ಡ್ ಬದಲಾವಣೆ, ಆ ಯಂತ್ರಕ್ಕೆ ಕಂಪನಿಯ ಜಾಲಕ್ಕೆ ಬರಲು ಇದ್ದ ಅನುಮತಿಯ ರದ್ದು. ಅಳಿಸುವ ಆಜ್ಞೆಯನ್ನು ಆಮೇಲೆ ಸರದಿಯಲ್ಲಿ ಇಡುತ್ತೇವೆ. ಅಳಿಸಿದ ಯಂತ್ರವನ್ನು ಮತ್ತೆ ಪತ್ತೆಹಚ್ಚುವುದು ಕಷ್ಟವಾಗುವುದರಿಂದ ಅದು ಯೋಚಿಸಿ ತೆಗೆದುಕೊಳ್ಳುವ ತೀರ್ಮಾನ. ಅದನ್ನು ನೀವೇ ಮನೆಯಿಂದ ಮಾಡಲು ಹೋಗಬೇಡಿ.

ಪೊಲೀಸರ ವಿಷಯ. ಎಲ್ಲೋ ಬಿಟ್ಟುಹೋಗಿದ್ದರೆ ಕಳೆದುಹೋದ ವಸ್ತುವಿನ ದೂರು ಸಾಕು, ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಅದಕ್ಕೇ ಇರುವುದು. ಕಳವಾಗಿದ್ದರೆ ಎಫ್‌ಐಆರ್ ಬೇಕು. ಪ್ರಯಾಣದಲ್ಲಿ ಎಲ್ಲಿ ಕಳವಾಯಿತೆಂದು ಗೊತ್ತಿಲ್ಲದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಬಹುದು, ನಮ್ಮ ಸರಹದ್ದಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ಎರಡಕ್ಕೂ ಸೀರಿಯಲ್ ನಂಬರ್ ಕೇಳುತ್ತಾರೆ, ಅದು ಐಟಿಯವರ ದಾಖಲೆಯಲ್ಲಿ ಇರುತ್ತದೆ. ಆದ್ದರಿಂದ ಠಾಣೆಗೆ ಹೋಗುವ ಮುಂಚೆ ನಮಗೊಂದು ಫೋನ್ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಸಾಗುತ್ತವೆ.

ಬೇಗ ಹೇಳಿದರೂ ಸಾಲದು, ಏನು ಹೋಯಿತು ಎಂಬುದೂ ಸರಿಯಾಗಿ ಮೇಲಕ್ಕೆ ತಲುಪಬೇಕು ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವಿದೆ. 2006ರ ಮೇ 3ರಂದು ಅಲ್ಲಿನ ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರ ಮೇರಿಲ್ಯಾಂಡ್‌ನ ಮನೆಯಲ್ಲಿ ಕಳ್ಳತನವಾಗಿ ಲ್ಯಾಪ್‌ಟಾಪ್ ಮತ್ತು ಹೊರಗಿನ ಹಾರ್ಡ್‌ಡಿಸ್ಕ್ ಹೋದವು. ಡಿಸ್ಕಿನಲ್ಲಿ ಸುಮಾರು 2.65 ಕೋಟಿ ಜನರ ಹೆಸರು, ಹುಟ್ಟಿದ ದಿನಾಂಕ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗಳಿದ್ದವು. ಗೂಢಲಿಪಿ ಇರಲಿಲ್ಲ. ಆ ನೌಕರರು ಅಂದೇ ಪೊಲೀಸರಿಗೂ ಕಚೇರಿಗೂ ತಿಳಿಸಿದ್ದರು. ಆದರೆ ಇಲಾಖೆಯ ಮುಖ್ಯಸ್ಥರಿಗೆ ವಿಷಯ ಗೊತ್ತಾದದ್ದು ಮೇ 16ರಂದು, ಜನರಿಗೆ ಹೇಳಿದ್ದು ಮೇ 22ರಂದು. ಜೂನ್ ಕೊನೆಗೆ ಎರಡೂ ಸಿಕ್ಕವು, ಮಾಹಿತಿಯನ್ನು ಯಾರೂ ತೆರೆದಂತಿಲ್ಲ ಎಂದು ಎಫ್‌ಬಿಐ ಪರೀಕ್ಷೆ ಹೇಳಿತು. ಆ ನಡುವಿನ ವಾರಗಳಲ್ಲಿ ಕೋಟ್ಯಂತರ ಕುಟುಂಬಗಳು ಪಟ್ಟ ಆತಂಕ ನಿಜವಾದದ್ದೇ. ‘ಲ್ಯಾಪ್‌ಟಾಪ್ ಕಳವಾಗಿದೆ’ ಎಂಬುದು ಒಂದು ವಸ್ತುವಿನ ಸುದ್ದಿ. ‘ಅದರಲ್ಲಿ ಇಷ್ಟು ಜನರ ವಿವರ ಇಳಿಸಿಕೊಂಡಿದ್ದೆ’ ಎಂಬುದು ಬೇರೆಯದೇ ಸುದ್ದಿ. ನೀವು ಗಿರಾಕಿಗಳ ಪಟ್ಟಿ, ಸಂಬಳದ ಹಾಳೆ, ರೋಗಿಗಳ ದಾಖಲೆ ಏನನ್ನಾದರೂ ಯಂತ್ರದಲ್ಲಿ ಇಳಿಸಿಕೊಂಡಿದ್ದರೆ ಅದನ್ನು ಮೊದಲ ಫೋನಿನಲ್ಲೇ ಹೇಳಿ. ಎಲ್ಲ ನೆನಪಿಲ್ಲದಿದ್ದರೆ ನೆನಪಿದ್ದಷ್ಟು ಹೇಳಿ, ಸಂಜೆಗೆ ಇನ್ನಷ್ಟು ನೆನಪಾದರೆ ಮತ್ತೆ ಹೇಳಿ.

ಹುಬ್ಬಳ್ಳಿಯ ಬಸ್ಸಿನವರಿಗೆ ಬರೋಣ. ಐದೂವರೆಗೆ ಗೊತ್ತಾದರೂ ಅವರು ನಮಗೆ ಫೋನ್ ಮಾಡಿದ್ದು ಒಂಬತ್ತೂ ಹತ್ತಕ್ಕೆ. ಯಾಕೆ ಎಂದು ಕೇಳಿದೆ. ತಡಮಾಡಬೇಕೆಂದು ಅಲ್ಲ ಸಾರ್ ಎಂದರು. ನಮ್ಮ ಹೆಲ್ಪ್‌ಡೆಸ್ಕ್ ರಾತ್ರಿಯಿಡೀ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು, ನಂಬರ್ ಮಾತ್ರ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಸಹೋದ್ಯೋಗಿಗಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಕರೆ ಮಾಡಿದ್ದರು, ಅಷ್ಟು ಹೊತ್ತಿಗೆ ಯಾರೂ ಎತ್ತಿರಲಿಲ್ಲ. ಕೊನೆಗೆ ಕಚೇರಿ ತೆರೆಯುವವರೆಗೆ ಕಾದು ರಿಸೆಪ್ಷನ್ ಮೂಲಕ ನಮ್ಮನ್ನು ಹಿಡಿದಿದ್ದರು. ನಾವು ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಕೊಟ್ಟಿದ್ದೆವು. ಅಂಟಿಸಿದ್ದು ಲ್ಯಾಪ್‌ಟಾಪಿನ ಅಡಿಯಲ್ಲಿ.

ಆ ವಾರ ಸ್ಟಿಕ್ಕರ್ ಬದಲು ಎಲ್ಲರ ಮೇಜಿಗೂ ಹೋಗಿ, ಎದುರಿಗೆ ನಿಂತು, ಅವರವರ ಮೊಬೈಲ್‌ನಲ್ಲಿ ನಂಬರ್ ಸೇವ್ ಮಾಡಿಸಿದೆವು.